ಕಸೂತಿಯ ಮುರ್ಗಿ ಹೊಲಿಗೆ: ಐದು ಗೋಪುರಗಳ ಅಂಚು

ಧಾರವಾಡದ ನಮ್ಮ ಶನಿವಾರದ ತರಗತಿಗೆಂದು ಈ ಪಾಠವನ್ನು ಕಳೆದ ತಿಂಗಳು ನಾಲ್ಕು ಪ್ಯಾರಾಗಳಲ್ಲಿ ಬೆರಳಚ್ಚಿಸಿ ಕೊಟ್ಟಿದ್ದೆ. ಗಂಟು ಹಾಕಬಾರದೆಂಬ ಮಾತು ಮೂರನೆಯ ಪ್ಯಾರಾದ ನಡುವೆ ಅಡಗಿದ್ದುದರಿಂದ, ಅದು ಕಣ್ಣಿಗೆ ಬೀಳುವ ಹೊತ್ತಿಗೆ ಹೆಚ್ಚಿನವರು ಗಂಟು ಹಾಕಿ ಅರ್ಧ ಸಾಲು ಮುಗಿಸಿಬಿಟ್ಟಿದ್ದರು. ತಪ್ಪು ಅವರದಲ್ಲ, ನನ್ನ ಬರವಣಿಗೆಯದು. ಈಗ ಅದೇ ಪಾಠವನ್ನು ಸಾಮಗ್ರಿ ಮತ್ತು ಹಂತಗಳಾಗಿ ಬಿಡಿಸಿ, ಪ್ರತಿಯೊಂದು ಎಚ್ಚರಿಕೆಯನ್ನೂ ಅದು ಬೇಕಾಗುವ ಜಾಗದಲ್ಲಿಯೇ ಇಟ್ಟಿದ್ದೇನೆ.

ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳ ಪೈಕಿ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುವುದು ಮುರ್ಗಿ. ಒಂದೇ ಗೆರೆಯಲ್ಲಿ ಹೋಗಿ ಅದೇ ಗೆರೆಯಲ್ಲಿ ಮರಳುವುದರಿಂದ ಬಟ್ಟೆಯ ಎರಡೂ ಮುಖಗಳು ಒಂದೇ ರೀತಿ ಕಾಣುತ್ತವೆ.

ಸಾಮಗ್ರಿಗಳು

- ಇಂಚಿಗೆ 28 ದಾರಗಳಿರುವ, ಹಾಸು ಹೊಕ್ಕು ಸಮವಾಗಿರುವ ಬಿಳಿ ಹತ್ತಿ ಬಟ್ಟೆ: 20 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ
- ಆರು ಎಳೆಗಳ ಕೆಂಪು ಕಸೂತಿ ದಾರ: 75 ಸೆಂ.ಮೀ. ಉದ್ದದ ಒಂದು ತುಂಡು
- ಮೊಂಡು ತುದಿಯ ಸೂಜಿ (ಚೂಪಾದ ಸೂಜಿ ಬಟ್ಟೆಯ ದಾರವನ್ನೇ ಸೀಳುತ್ತದೆ)
- 5 ಇಂಚಿನ ರಿಂಗು, ಕತ್ತರಿ, ಗುರುತಿಗೆ ತಿಳಿ ನೀಲಿ ಹೊಲಿಗೆ ದಾರ

ಹಂತಗಳು

1. ಕೆಂಪು ದಾರದ ಆರು ಎಳೆಗಳಲ್ಲಿ ಎರಡನ್ನು ಒಂದೊಂದಾಗಿ ಬೇರ್ಪಡಿಸಿ, ಜೋಡಿಸಿ ಸೂಜಿಗೆ ಪೋಣಿಸಿ. ಎರಡನ್ನೂ ಒಟ್ಟಿಗೆ ಎಳೆದರೆ ಸಿಕ್ಕಾಗುತ್ತದೆ.

2. ಬಟ್ಟೆಯನ್ನು ಅಡ್ಡಕ್ಕೆ ಮಡಚಿ ನಡುವನ್ನು ಕಂಡುಕೊಂಡು, ಅಲ್ಲಿಂದ ಎಡಕ್ಕೆ 62 ದಾರ ಎಣಿಸಿ ಆರಂಭದ ಜಾಗವನ್ನು ಗುರುತಿಸಿ. ಆ ಜಾಗದಿಂದ ಬಲಕ್ಕೆ ಪ್ರತಿ 24 ದಾರಕ್ಕೊಂದು ನೀಲಿ ಕಚ್ಚಾ ಹೊಲಿಗೆ ಹಾಕಿ. ಒಂದು ಗೋಪುರದ ಅಗಲ ಅಷ್ಟೇ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆಯಬೇಡಿ, ಏಕೆಂದರೆ ಕಸೂತಿಯಲ್ಲಿ ವಿನ್ಯಾಸ ಮೂಡುವುದು ಎಣಿಕೆಯಿಂದ.

3. ಬಟ್ಟೆಯನ್ನು ರಿಂಗಿಗೆ ಬಿಗಿದು, ಆರಂಭದ ಜಾಗದಲ್ಲಿ ಸೂಜಿಯನ್ನು ಕೆಳಗಿನಿಂದ ಮೇಲಕ್ಕೆ ತನ್ನಿ. ಗಂಟು ಹಾಕಬೇಡಿ. ಹಿಂಬದಿಯಲ್ಲಿ 10 ಸೆಂ.ಮೀ. ಬಾಲವನ್ನು ಬಿಟ್ಟು, ಮೊದಲ ಕೆಲವು ಹೊಲಿಗೆಗಳು ಮುಗಿಯುವವರೆಗೆ ಬೆರಳಿನಿಂದ ಒತ್ತಿ ಹಿಡಿಯಿರಿ. (ಗವಂತಿ ಎಂಬ ಹೆಸರೇ ಗಂಟಿನಿಂದ ಬಂದಿತೆನ್ನುವುದುಂಟು, ಆದರೆ ಗಂಟೇ ಇಲ್ಲದಿರುವುದು ಈ ಹೊಲಿಗೆಗಳ ಹೆಚ್ಚುಗಾರಿಕೆ.)

4. ಹೋಗುವ ದಾರಿ. ಪ್ರತಿ ಹೊಲಿಗೆಯೂ 4 ದಾರಗಳಷ್ಟು. ಬಲಕ್ಕೆ ಒಂದು ಹೊಲಿಗೆ ಮುಂಬದಿಯಲ್ಲಿ, ಮೇಲಕ್ಕೆ ಒಂದು ಹಿಂಬದಿಯಲ್ಲಿ. ಹೀಗೆ ಮೂರು ಬಾರಿ ಏರಿರಿ. ನೆತ್ತಿಯ ಮೇಲೆ ಬಲಕ್ಕೆ ಒಂದು ಹಾಕಿ, ಹಿಂಬದಿಯಲ್ಲಿ ಕೆಳಗೆ, ಮುಂಬದಿಯಲ್ಲಿ ಬಲಕ್ಕೆ ಎಂಬ ಕ್ರಮದಲ್ಲಿ ಮೂರು ಮೆಟ್ಟಿಲು ಇಳಿದು ಬುಡದ ಸಾಲಿಗೆ ಬನ್ನಿ. ಅಲ್ಲಿಗೆ 12 ಹೊಲಿಗೆಗಳ ಒಂದು ಗೋಪುರ ಮುಗಿಯಿತು.

   ಸಲಹೆ: ಈ ಹಂತದಲ್ಲಿ ಮುಂಬದಿಯಲ್ಲಿ ಅಡ್ಡಗೆರೆಗಳು ಮಾತ್ರ ಕಾಣಬೇಕು. ಒಂದೇ ಒಂದು ಲಂಬಗೆರೆ ಕಂಡರೂ ಎಣಿಕೆ ತಪ್ಪಿದೆಯೆಂದು ತಿಳಿದು, ಅಲ್ಲಿಯವರೆಗೆ ಬಿಚ್ಚಿ. ಮುಂದೆ ಸರಿಹೋದೀತೆಂದು ಮುಂದುವರಿದರೆ ಮರಳುವಾಗ ಒಂದೂ ಕೂಡಿಕೊಳ್ಳುವುದಿಲ್ಲ.

5. ಐದು ಗೋಪುರಗಳಾದ ಮೇಲೆ ಬುಡದಲ್ಲಿ ಬಲಕ್ಕೆ ಇನ್ನೊಂದು ಹೊಲಿಗೆ ಹಾಕಿ. ಒಟ್ಟು 61 ಹೊಲಿಗೆಗಳು. ಸೂಜಿ ಈಗ ಹಿಂಬದಿಯಲ್ಲಿರುತ್ತದೆ.

6. ಮರಳುವ ದಾರಿ. ಕೊನೆಯ ಅಡ್ಡಹೊಲಿಗೆಯ ಹಿಂಬದಿಯಲ್ಲಿಯೇ ಎಡಕ್ಕೆ ಬಂದು, ಅದರ ಎಡತುದಿಯ ರಂಧ್ರದಿಂದ ಮೇಲೆ ಬನ್ನಿ. ಅಲ್ಲಿಂದ ಮೇಲಕ್ಕೆ, ಖಾಲಿಯಿದ್ದ ಲಂಬಗೆರೆಯನ್ನು ಮುಂಬದಿಯಲ್ಲಿ ತುಂಬಿ. ಹೀಗೆ ಲಂಬಗೆರೆ ಮುಂದೆ, ಅಡ್ಡಗೆರೆ ಹಿಂದೆ ಎಂಬ ಕ್ರಮದಲ್ಲಿ ಆರಂಭದ ಜಾಗದವರೆಗೆ ಮರಳಿರಿ.

   ಸಲಹೆ: ಸೂಜಿ ಹಳೆಯ ರಂಧ್ರದಲ್ಲಿಯೇ ಏರಿಳಿಯಬೇಕು, ಆದರೆ ಅಲ್ಲಿರುವ ಕೆಂಪು ದಾರವನ್ನು ಚುಚ್ಚಬಾರದು, ಚುಚ್ಚಿದರೆ ಗೆರೆ ಅಲ್ಲಲ್ಲಿ ಡೊಂಕಾಗುತ್ತದೆ. ದಾರ ಹೊಸೆದುಕೊಂಡರೆ ಸೂಜಿಯನ್ನು ಜೋತುಬಿಡಿ, ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ. ಬಿಗಿಯಾಗಿ ಎಳೆಯುವ ಅಭ್ಯಾಸವಿರುವವರು ಇಲ್ಲಿ ಕೈ ಸಡಿಲಿಸಲಿ. ಬಟ್ಟೆ ನೆರಿಗೆಗಟ್ಟಿದರೆ ಇಸ್ತ್ರಿಯಿಂದಲೂ ಸರಿಹೋಗುವುದಿಲ್ಲ.

7. ಎರಡೂ ಬಾಲಗಳನ್ನು ಹಿಂಬದಿಯ ನಾಲ್ಕೈದು ಹೊಲಿಗೆಗಳ ಅಡಿಯಲ್ಲಿ, ಗೆರೆಯ ದಿಕ್ಕಿನಲ್ಲಿಯೇ ನುಸುಳಿಸಿ ಕತ್ತರಿಸಿ. ಗೆರೆಯಿಂದ ಆಚೆ ಹೋದರೆ ಬಿಳಿ ಬಟ್ಟೆಯ ಮೂಲಕ ಕೆಂಪು ಇಣುಕುತ್ತದೆ.

8. ನೀಲಿ ಕಚ್ಚಾ ಹೊಲಿಗೆಗಳನ್ನು ತೆಗೆದು, ಮೇಲೊಂದು ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡಿ. ಮುಂದಿನ ಶನಿವಾರ ತರುವಾಗ ಮೊದಲು ನನಗೆ ಹಿಂಬದಿಯನ್ನು ತೋರಿಸಿ.