ಬಿ.ಎಚ್. ರಸ್ತೆ ಅಂಗಡಿ ಮಳಿಗೆ: ತೆರವು ತೀರ್ಪಿನ ಸಾರಾಂಶ

ಅಮ್ಮನವರಿಗೆ ನಮಸ್ಕಾರ,

ತುಮಕೂರಿನ ಸಿವಿಲ್ ನ್ಯಾಯಾಧೀಶರು 18-08-2025ರಂದು ನಮ್ಮ ದಾವೆಯನ್ನು ಭಾಗಶಃ ಡಿಕ್ರಿ ಮಾಡಿದ್ದಾರೆ. ‘ಭಾಗಶಃ’ ಎಂಬುದನ್ನು ನೋಡಿ ಗಾಬರಿಯಾಗಬೇಡಿ, ಮಳಿಗೆ ನಿಮ್ಮ ಕೈಗೆ ಬರುತ್ತದೆ.

ಮಳಿಗೆ 240 ಚದರ ಅಡಿ, ಅಂದರೆ 14 ಚದರ ಮೀಟರಿಗಿಂತ ದೊಡ್ಡದು. ಹಾಗಾಗಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದಕ್ಕೆ ಅನ್ವಯಿಸದು, ಬಾಡಿಗೆ ಮುಗಿಸಲು ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನ ನೋಟಿಸು ಸಾಕು ಎಂದು ನ್ಯಾಯಾಲಯ ಹೇಳಿದೆ. ನೋಟಿಸೇ ತಲುಪಿಲ್ಲವೆಂದು ಬಾಡಿಗೆದಾರರು ವಾದಿಸಿದ್ದರು. 06-12-2023ರಂದು ಅವರೇ ಸಹಿ ಹಾಕಿದ ಅಂಚೆ ಸ್ವೀಕೃತಿ ಆ ವಾದವನ್ನು ಮುರಿಯಿತು. 31-12-2023ಕ್ಕೆ ಬಾಡಿಗೆ ಸಂಬಂಧ ಮುಗಿದಿದೆ ಎಂಬುದು ರುಜುವಾತಾಗಿದೆ. ಇಡೀ ತೀರ್ಪು ನಿಂತಿರುವುದು ಇದರ ಮೇಲೆ.

ಜೆರಾಕ್ಸ್ ಅಂಗಡಿಯವರಿಗೆ ಒಳಬಾಡಿಗೆ ಕೊಟ್ಟಿದ್ದಾರೆಂಬ ನಮ್ಮ ಆರೋಪ ಮಾತ್ರ ಸಾಬೀತಾಗಲಿಲ್ಲ. ಫೋಟೋ ಬಿಟ್ಟರೆ ಬೇರೆ ಸಾಕ್ಷ್ಯವಿರಲಿಲ್ಲ. ಅದರಿಂದ ತೆರವಿಗೆ ಅಡ್ಡಿಯಿಲ್ಲ. ಮಗನ ಅಂಗಡಿಗೆ ಮಳಿಗೆ ಬೇಕೆಂಬ ವಿಷಯವನ್ನು ಆಸ್ತಿ ವರ್ಗಾವಣೆ ಕಾಯ್ದೆಯಡಿ ನೋಡುವ ಅಗತ್ಯವಿಲ್ಲವೆಂದು ಕೈಬಿಟ್ಟಿದ್ದಾರೆ.

ಬಾಕಿ ಬಾಡಿಗೆ ನವೆಂಬರ್ 2022ರಿಂದ ಡಿಸೆಂಬರ್ 2023ರವರೆಗೆ 14 ತಿಂಗಳದ್ದು, ತಿಂಗಳಿಗೆ ₹12,000ದಂತೆ ₹1,68,000. ನಗದಾಗಿ ಕೊಟ್ಟೆನೆಂದ ಅವರ ಬಳಿ ಒಂದು ರಸೀದಿಯೂ ಇರಲಿಲ್ಲ. ನಿಮ್ಮಲ್ಲಿರುವ ಅಡ್ವಾನ್ಸ್ ₹60,000 ಕಳೆದು ₹1,08,000 ಕೊಡಬೇಕು. ಅದಕ್ಕೆ ದಾವೆ ಹೂಡಿದ ದಿನದಿಂದ ವಾರ್ಷಿಕ ಶೇ. 6 ಬಡ್ಡಿ, ಜೊತೆಗೆ ದಾವೆಯ ಖರ್ಚು. ಅಡ್ವಾನ್ಸ್ ಲೆಕ್ಕ ಇಲ್ಲಿಗೆ ಚುಕ್ತಾ. ಬೀಗದ ಕೈ ಪಡೆಯುವಾಗ ನೀವು ಏನನ್ನೂ ಹಿಂದಿರುಗಿಸಬೇಕಿಲ್ಲ. ಜನವರಿ 2024ರಿಂದ ಮಳಿಗೆ ಬಿಡುವವರೆಗಿನ ಪರಿಹಾರದ ಮೊತ್ತವನ್ನು ಪ್ರತ್ಯೇಕ ವಿಚಾರಣೆಯಲ್ಲಿ ನಿಗದಿಪಡಿಸುತ್ತಾರೆ. ಅಕ್ಕಪಕ್ಕದ ಮಳಿಗೆಗಳ ಈಗಿನ ಕರಾರುಪತ್ರಗಳ ನಕಲು ಸಿಕ್ಕರೆ ಈಗಲೇ ಕೂಡಿಸಿಡಿ, ಅಲ್ಲಿ ನಮಗೆ ಒಳ್ಳೆಯ ಮೊತ್ತ ಸಿಗಬಹುದು.

ತೆರವಿಗೆ ಎರಡು ತಿಂಗಳು ಕೊಟ್ಟಿದ್ದಾರೆ, ಕೊನೆಯ ದಿನ 18-10-2025. ಮೇಲ್ಮನವಿಗೆ ಅವರಿಗೆ 30 ದಿನವಿದೆ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರೀ ಮೇಲ್ಮನವಿ ಹಾಕಿದ ಮಾತ್ರಕ್ಕೆ ತೀರ್ಪು ತಡೆಯಾಗದು, ತಡೆಯಾಜ್ಞೆ ತರಬೇಕು. ನಮಗೆ ತಿಳಿಯದೆ ತಡೆ ಸಿಗದಂತೆ ಈ ವಾರವೇ ಕೇವಿಯಟ್ ಹಾಕುತ್ತೇನೆ, ವಕಾಲತ್ತಿಗೆ ಸಹಿ ಮಾಡಲು ಬನ್ನಿ.

ಅಮ್ಮಾ, ಒಂದು ಮಾತು ಕೈಮುಗಿದು ಕೇಳುತ್ತೇನೆ: ಅಲ್ಲಿಯವರೆಗೆ ಮಳಿಗೆಗೆ ನೀವಾಗಿ ಬೀಗ ಹಾಕಬೇಡಿ, ಕರೆಂಟ್ ತೆಗೆಸಬೇಡಿ. ಹುಡುಗರು ಎಷ್ಟೇ ಸಿಟ್ಟಿನಲ್ಲಿದ್ದರೂ ತಡೆಯಿರಿ. ಗೆದ್ದ ಕೇಸನ್ನು ಪೊಲೀಸ್ ಠಾಣೆಗೆ ಎಳೆಯುವುದು ಬೇಡ. ಅವರು ಹಣ ತಂದರೆ ಬಾಡಿಗೆ ಎಂದು ರಸೀದಿ ಕೊಡದೆ ನನಗೆ ಫೋನ್ ಮಾಡಿ. ಗಡುವಿನೊಳಗೆ ಬಿಡದಿದ್ದರೆ ಅಮಲ್ಜಾರಿ ಅರ್ಜಿ ಹಾಕಿ ನ್ಯಾಯಾಲಯದ ಅಮೀನರ ಮೂಲಕವೇ ಸ್ವಾಧೀನ ಪಡೆಯೋಣ.

ಇತಿ,
ನಿಮ್ಮ ವಕೀಲ
ತುಮಕೂರು, 20-08-2025