ಮಿಕ್ಸರ್ ಕೈಪಿಡಿಯ ಕೊನೆಯ ಪ್ರೂಫ್: ಜೂನ್ 12, ಶುಕ್ರವಾರದೊಳಗೆ ನಿಮ್ಮ ಒಪ್ಪಿಗೆ ಬೇಕಿತ್ತು

ಮೇಡಂ, ನಮಸ್ಕಾರ.

ಹೊಸ ಮಿಕ್ಸರ್‌ನ ಕೈಪಿಡಿಯ ಕೊನೆಯ ಪ್ರೂಫ್ ಈ ಮೇಲ್ ಜೊತೆ ಕಳಿಸಿದ್ದೇನೆ. ಒಟ್ಟು 48 ಪುಟ. ಈ ವಾರ ನಿಮಗೆ ಆಡಿಟ್ ಕೆಲಸವೇ ಜಾಸ್ತಿ ಇದೆ ಅಂತ ಗೊತ್ತು. ಪೂರ್ತಿ ಓದಲು ಪುರುಸೊತ್ತು ಸಿಗದಿದ್ದರೆ 14 ಮತ್ತು 46ನೇ ಪುಟ ಮಾತ್ರ ನೋಡಿದರೂ ಸಾಕು. ಉಳಿದ ಕಡೆ ಕಾಗುಣಿತ ತಿದ್ದಿದ್ದು ಬಿಟ್ಟರೆ ಬೇರೇನೂ ಬದಲಾಗಿಲ್ಲ.

14ನೇ ಪುಟ ನನಗೆ ತುಂಬಾ ಮುಖ್ಯ ಅನಿಸಿದೆ. "ಒರೆಸುವ ಮುಂಚೆ ಪ್ಲಗ್ ತೆಗೆಯಿರಿ" ಅನ್ನುವ ಸಾಲು ಹಳೆಯ ಕೈಪಿಡಿಯಲ್ಲಿ ಚಿತ್ರದ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಆ ಪುಟವನ್ನು ನಮ್ಮ ವಿಭಾಗದ ಒಬ್ಬರ ಕೈಗೆ ಕೊಟ್ಟು, ಇದನ್ನು ನೋಡಿಕೊಂಡು ಮಿಕ್ಸರ್ ಒರೆಸಿ ಅಂದೆ. ಅವರು ಚಿತ್ರ ನೋಡಿದವರೇ ಸೀದಾ ಒದ್ದೆ ಬಟ್ಟೆ ಹಿಡಿದರು. ಪ್ಲಗ್ ಗೋಡೆಯಲ್ಲೇ ಇತ್ತು. ಸ್ವಿಚ್ ಆಫ್ ಆಗಿತ್ತು, ಸದ್ಯ. ಅದಕ್ಕೇ ಆ ಸಾಲನ್ನು ಚಿತ್ರದ ಮೇಲಕ್ಕೆ ತಂದು, ಅಕ್ಷರ ದಪ್ಪ ಮಾಡಿದ್ದೇವೆ. ಚಿತ್ರದಲ್ಲೂ ಪ್ಲಗ್ ತೆಗೆದಿಟ್ಟಿರುವುದು ಕಾಣುತ್ತದೆ. ತಾಂತ್ರಿಕ ವಿಭಾಗದವರು ಈ ಪುಟ ಓದಿ ಸರಿ ಅಂದಿದ್ದಾರೆ.

46ನೇ ಪುಟದಲ್ಲಿ ವಾರಂಟಿಯ ಮಾತುಗಳನ್ನು ಸರಳ ಮಾಡಿದ್ದೇವೆ. ಅರ್ಥ ಬದಲಾಗಿಲ್ಲ ಅಂತ ನನ್ನ ನಂಬಿಕೆ, ಆದರೆ ಅದನ್ನು ಹೇಳಬೇಕಾದವರು ನೀವು.

ಜೂನ್ 12, ಶುಕ್ರವಾರ ಸಂಜೆ 5ರೊಳಗೆ ನಿಮ್ಮ ಅಭಿಪ್ರಾಯ ಸಿಕ್ಕರೆ ತುಂಬಾ ಅನುಕೂಲ. ಶನಿವಾರ ಬೆಳಿಗ್ಗೆ ಪ್ರೆಸ್‌ನವರು ಪ್ಲೇಟ್ ಮಾಡುತ್ತಾರೆ, ಸೋಮವಾರ ಮುದ್ರಣ. ಪ್ಲೇಟ್ ಆದಮೇಲೆ ಒಂದು ಅಕ್ಷರ ತಿದ್ದಬೇಕಾದರೂ ಆ ಪ್ಲೇಟನ್ನೇ ಹೊಸದಾಗಿ ಮಾಡಬೇಕಾಗುತ್ತದೆ. ಈ ಸರದಿ ತಪ್ಪಿದರೆ ಮುಂದಿನದು ಜೂನ್ 29ಕ್ಕೆ.

ಅಷ್ಟರೊಳಗೆ ನಿಮ್ಮಿಂದ ಏನೂ ಬಾರದಿದ್ದರೆ, ಶನಿವಾರ ಬೆಳಿಗ್ಗೆ 9ಕ್ಕೆ ಈ ಪ್ರೂಫನ್ನೇ ಪ್ರೆಸ್‌ಗೆ ಕಳಿಸುತ್ತೇನೆ. 46ನೇ ಪುಟ ಮಾತ್ರ ಹಾಗೆ ಹೋಗುವುದಿಲ್ಲ. ನೀವು ಬಾಯಿಬಿಟ್ಟು ಸರಿ ಅನ್ನುವವರೆಗೆ ಅಲ್ಲಿ ಹಳೆಯ ವಾರಂಟಿ ಪುಟವೇ ಇರುತ್ತದೆ.

ಇನ್ನೂ ನೋಡಬೇಕು ಅನಿಸಿದರೆ "ತಡೆಯಿರಿ" ಅಂತ ಒಂದೇ ಪದ ಬರೆದರೂ ಸಾಕು, ನಿಲ್ಲಿಸುತ್ತೇನೆ. ಕಾರಣ ಆಮೇಲೆ ಮಾತಾಡೋಣ. ಅಂಗಡಿಗಳಿಗೆ ಸರಕು ಹೋಗುವುದು ಜುಲೈ 20ಕ್ಕೆ, ಹಾಗಾಗಿ 29ರ ಸರದಿಗೆ ಹೋದರೂ ನಡೆಯುತ್ತದೆ. ಸ್ವಲ್ಪ ಓಡಾಟ ಜಾಸ್ತಿ ಆಗಬಹುದು, ಅಷ್ಟೇ. ಹೊಸ ವಿಷಯ ಸೇರಿಸಬೇಕಿದ್ದರೆ ಮಾತ್ರ ಬೇಗ ತಿಳಿಸಿ. ಮಧ್ಯೆ ಪಿನ್ ಹೊಡೆಯುವ ಪುಸ್ತಕ ಆದ್ದರಿಂದ ಒಂದು ಪುಟ ಹೆಚ್ಚಿಸಲು ಆಗುವುದಿಲ್ಲ, ನಾಲ್ಕು ಪುಟ ಹೆಚ್ಚಿಸಬೇಕಾಗುತ್ತದೆ.

ಗುರುವಾರ ಮಧ್ಯಾಹ್ನ ಇನ್ನೊಮ್ಮೆ ನೆನಪಿಸುತ್ತೇನೆ. ಮೇಲ್ ನೋಡಲು ಆಗದಿದ್ದರೆ ಫೋನಿನಲ್ಲೇ ಹೇಳಿ, ಬರೆದುಕೊಳ್ಳುತ್ತೇನೆ. ಎರಡೂ ಪುಟ ಮುದ್ರಿಸಿ ನಿಮ್ಮ ಮೇಜಿನ ಮೇಲೂ ಇಟ್ಟಿದ್ದೇನೆ, ನೀಲಿ ಫೈಲಿನಲ್ಲಿ.

ವಂದನೆಗಳೊಂದಿಗೆ,
ಕೈಪಿಡಿ ವಿಭಾಗದಿಂದ