ನಿನ್ನ ಮೊದಲ ಬಾಗಿಲಿಗೆ

ಪುಟ್ಟೀ,

ಮೊದಲು ಈ ಪತ್ರ ಓದು, ಆಮೇಲೆ ಪೆಟ್ಟಿಗೆ ಬಿಚ್ಚು. ಇದೊಂದು ಸಲವಾದರೂ ನಾನು ಹೇಳಿದ ಹಾಗೆ ಕೇಳು.

ಹೊಸ ಮನೆಗೆ ತುಂಬಾ ತುಂಬಾ ಶುಭಾಶಯ ಕಣೇ! ಮೊನ್ನೆ ಫೋನಿನಲ್ಲಿ ಇದನ್ನೇ ಹೇಳಿದ್ದಕ್ಕೆ ನೀನು, "ಅಯ್ಯೋ, ಬಾಡಿಗೆ ಮನೆ ಕಣೇ, ಇದಕ್ಕೆಲ್ಲ ಏನು ಶುಭಾಶಯ" ಅಂದೆ. ಆಗ ನಕ್ಕು ಸುಮ್ಮನಾದೆ. ಫೋನ್ ಇಟ್ಟ ಮೇಲೆ ಸಿಟ್ಟು ಬಂತು. ನಿನ್ನ ಮೇಲಲ್ಲ, ಆ ಮಾತಿನ ಮೇಲೆ. ಅದಕ್ಕೇ ಈ ಪತ್ರ ಇಷ್ಟುದ್ದ ಆಗಿದೆ.

ಲೆಕ್ಕ ಹಾಕಿ ನೋಡು. ಚಿಕ್ಕವಳಿದ್ದಾಗ ನಿಂಗೆ ಅಕ್ಕನ ಕೋಣೆಯಲ್ಲಿ ಅರ್ಧ ಜಾಗ. ಅದರಲ್ಲೂ ಕಿಟಕಿ ಪಕ್ಕದ ಅರ್ಧ ಅವಳದು. ಹಾಸ್ಟೆಲಿನಲ್ಲಿ ನಾವು ನಾಲ್ಕು ಜನ. ಬಾಗಿಲ ಪಕ್ಕದ ಮಂಚ ನಿನಗೆ ಬಂತು, ಯಾರು ಒಳಗೆ ಬಂದರೂ ನಿನ್ನ ಕಾಲಿಗೆ ತಾಗಿಕೊಂಡೇ ಬರಬೇಕು. ಕೆಲಸ ಸಿಕ್ಕಿದ ಮೇಲೆ ನೆಂಟರ ಮನೆಯ ಹಾಲಿನ ಸೋಫಾ. ಎಲ್ಲರೂ ಟೀವಿ ಆರಿಸೋ ತನಕ ನಿಂಗೆ ನಿದ್ದೆ ಇಲ್ಲ. ಆಮೇಲೆ ಮೂರು ಜನರ ಪಿಜಿ. ಅಲ್ಲಿದ್ದಾಗ ನಂಗೆ ಮಾಡಿದ ಫೋನೆಲ್ಲ ಮೆಟ್ಟಿಲ ಮೇಲಿಂದ. ಯಾರಾದರೂ ಇಳಿದು ಬಂದರೆ ಅಳು ನುಂಗಿಕೊಂಡು, ಇದ್ದಕ್ಕಿದ್ದ ಹಾಗೆ ಆಫೀಸಿನ ವಿಷಯ ಶುರು ಮಾಡುತ್ತಿದ್ದೆ. ನಂಗೆ ಗೊತ್ತಾಗುತ್ತಿರಲಿಲ್ಲ ಅಂದುಕೊಂಡಿದ್ದೀಯಾ?

ಅಂದರೆ ಇಪ್ಪತ್ತೊಂಬತ್ತು ವರ್ಷದಲ್ಲಿ ನಿಂಗೆ ಅಂತ ಒಂದು ಬಾಗಿಲು ಇರಲಿಲ್ಲ. ಈಗ ಇದೆ. ಗೋಡೆ ಓನರದ್ದು, ನೆಲ ಓನರದ್ದು, ಆ ಬಚ್ಚಲಿನ ಹಸಿರು ಟೈಲ್ಸೂ (ಕ್ಷಮಿಸು, ಫೋಟೋ ನೋಡಿದೆ) ಓನರದ್ದೇ. ಆದರೆ ಚಿಲಕ ಹಾಕೋದು, ತೆಗೆಯೋದು ನಿನ್ನ ಇಷ್ಟ. ಹನ್ನೊಂದು ಮನೆ ನೋಡಿ, ಎಲ್ಲ ಓನರ್‌ಗಳ ಪ್ರಶ್ನೆಗೂ ನಗುನಗುತ್ತಾ ಉತ್ತರ ಕೊಟ್ಟು ಹಿಡಿದ ಮನೆ ಇದು. ಇದಕ್ಕೆ ಶುಭಾಶಯ ಹೇಳದೆ ಇನ್ಯಾವುದಕ್ಕೆ ಹೇಳಲಿ?

ಈಗ ನನ್ನ ಹಾರೈಕೆಗಳು. ದೊಡ್ಡ ದೊಡ್ಡ ಮಾತು ನಂಗೆ ಬರಲ್ಲ. ಬಾಡಿಗೆ ಮನೆಯಲ್ಲಿ ಇದ್ದವಳಿಗೆ ಗೊತ್ತಿರುವಂಥವನ್ನೇ ಬರೆಯುತ್ತೇನೆ.

ನಿನ್ನ ಮನೆಗೆ ನೀರು ಚೆನ್ನಾಗಿ ಬರಲಿ, ನಲ್ಲಿಯಿಂದ ಮಾತ್ರ ಬರಲಿ, ಚಾವಣಿಯಿಂದ ಬೇಡ. ಮೇಲಿನ ಮನೆಯವರು ರಾತ್ರಿ ಹನ್ನೊಂದಕ್ಕೆ ಕುರ್ಚಿ ಎಳೆಯದಿರಲಿ. ನಲ್ಲಿ ಸೋರಿದರೆ ಓನರ್ ಮೊದಲ ರಿಂಗಿಗೇ ಫೋನ್ ಎತ್ತಲಿ, ಬಾಡಿಗೆ ಜಾಸ್ತಿ ಮಾಡೋದು ಮಾತ್ರ ಅವರಿಗೆ ಮರೆತೇ ಹೋಗಲಿ. ಲಿಫ್ಟ್ ಕೆಡೋದಿದ್ದರೆ ನೀನು ಕೆಳಗೆ ಇಳಿಯುವ ದಿನ ಕೆಡಲಿ, ಸಾಮಾನು ಹೊತ್ತು ಹತ್ತುವ ದಿನ ಅಲ್ಲ. ಒಗೆದ ಬಟ್ಟೆ ಒಣಗುವಷ್ಟು ಬಿಸಿಲು ಆ ಪುಟಾಣಿ ಬಾಲ್ಕನಿಗೆ ಸಿಗಲಿ. ಎದುರುಮನೆಯವರು ಒಳ್ಳೆಯವರಾಗಿರಲಿ, ತೀರಾ ಜಾಸ್ತಿ ಒಳ್ಳೆಯವರೂ ಆಗದಿರಲಿ.

ಮೊದಲ ರಾತ್ರಿ ನಿದ್ದೆ ಬರದಿದ್ದರೆ ಹೆದರಬೇಡ. ಹೊಸ ಜಾಗದಲ್ಲಿ ಮಲಗಿದಾಗ ಮಿದುಳಿನ ಒಂದು ಭಾಗ ಕಾವಲು ಕೂತ ಹಾಗೆ ಅರೆ ಎಚ್ಚರದಲ್ಲೇ ಇರುತ್ತದೆ ಅಂತ 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಕಂಡುಕೊಂಡರು. ಸಣ್ಣ ಸದ್ದಿಗೂ ಎಚ್ಚರ ಆಗೋದು ಅದಕ್ಕೇ. ಮನೆ ಸರಿಯಿಲ್ಲ ಅಂತ ಅಲ್ಲ, ನಿನ್ನ ತಲೆಗೆ ಅದರ ಪರಿಚಯ ಇನ್ನೂ ಆಗಿಲ್ಲ ಅಷ್ಟೇ. ಫ್ರಿಜ್ ಗುರ್ ಅನ್ನೋದು, ಪೈಪಿನಲ್ಲಿ ನೀರು ಇಳಿಯೋದು, ಎಲ್ಲ ಒಂದೊಂದಾಗಿ ಗುರುತಾಗುತ್ತದೆ. ಖಾಲಿ ಕೋಣೆಯಲ್ಲಿ ನಿನ್ನ ದನಿಯೇ ಗುಂಯ್ ಅಂದರೂ ಬೇಜಾರಾಗಬೇಡ. ಪರದೆ, ಹಾಸಿಗೆ, ನಿನ್ನ ಆ ಬಟ್ಟೆಯ ಗುಡ್ಡೆ ಒಳಗೆ ಬಂದ ಮೇಲೆ ತಾನಾಗಿ ಕಡಿಮೆಯಾಗುತ್ತದೆ. ನಿನ್ನ ಬಟ್ಟೆ ಕೊನೆಗೂ ಉಪಯೋಗಕ್ಕೆ ಬಂತು ನೋಡು.

ಈಗ ಪೆಟ್ಟಿಗೆ ತೆಗೆ.

ಹೂದಾನಿ ನಿರೀಕ್ಷೆ ಮಾಡಿದ್ದರೆ ಸಾರಿ. ಅದನ್ನು ಬೇರೆ ಯಾರಾದರೂ ಕೊಟ್ಟೇ ಕೊಡುತ್ತಾರೆ, ಒಂದಲ್ಲ ಮೂರು. ನಾನು ಕೊಟ್ಟಿರೋದು ಒಂದು ಟಾರ್ಚ್, ಸ್ಕ್ರೂಡ್ರೈವರ್ ಸೆಟ್, ಅಳತೆ ಟೇಪು, ಗೋಡೆಗೆ ಮೊಳೆ ಹೊಡೆಯದೆ ಅಂಟಿಸುವ ಹುಕ್ಕುಗಳು, ಮತ್ತೆ ಬಾಗಿಲು ಗಾಳಿಗೆ ಬಡಿಯದ ಹಾಗೆ ಇಡುವ ರಬ್ಬರ್ ತುಂಡು. ನಗಬೇಡ. ಒಂಟಿಯಾಗಿ ಮನೆ ಮಾಡಿದ ಮೊದಲ ವಾರ ರಾತ್ರಿ ಕರೆಂಟ್ ಹೋಯಿತು ಅಂತ ನಾನು ಎರಡು ಗಂಟೆ ಕತ್ತಲಲ್ಲಿ ಕೂತಿದ್ದೆ. ಆಮೇಲೆ ಕಿಟಕಿಯಿಂದ ನೋಡಿದರೆ ಇಡೀ ಬೀದಿಯಲ್ಲಿ ದೀಪ! ಎಂಸಿಬಿ ಬಿದ್ದಿತ್ತು, ಅದು ಎಲ್ಲಿದೆ ಅಂತಲೇ ನಂಗೆ ಗೊತ್ತಿರಲಿಲ್ಲ. ನೀನು ಇವತ್ತೇ ಹುಡುಕಿಟ್ಟುಕೋ. ನೀರಿನ ಮೇನ್ ವಾಲ್ವ್ ಕೂಡ. ಪೈಪ್ ಒಡೆದ ಮೇಲೆ ಹುಡುಕುವ ವಸ್ತು ಅಲ್ಲ ಅದು.

ಟಾರ್ಚ್ ಹಿಡಿದು ಇನ್ನೊಂದು ಕೆಲಸ ಮಾಡು. ಸಾಮಾನು ಜೋಡಿಸುವ ಮುಂಚೆ ಪ್ರತಿ ಗೋಡೆ, ಪ್ರತಿ ಮೂಲೆ, ಪ್ರತಿ ಕಲೆಯ ಫೋಟೋ ತೆಗಿ. ಮೀಟರ್ ರೀಡಿಂಗಿನದೂ ತೆಗಿ. ಓನರಿಗೆ ಅವತ್ತೇ ಕಳಿಸು, ತಾರೀಖು ಸಮೇತ ಇರುತ್ತದೆ. ನನ್ನ ಮೊದಲ ಮನೆ ಬಿಡುವಾಗ, ನಾನು ಬರುವ ಮುಂಚೆಯೇ ಇದ್ದ ಮೊಳೆ ತೂತುಗಳಿಗೆಲ್ಲ ನನ್ನ ಅಡ್ವಾನ್ಸಿನಲ್ಲಿ ದುಡ್ಡು ಹಿಡಿದರು. ಏಳು ತೂತು. ಇವತ್ತಿಗೂ ಎಲ್ಲೆಲ್ಲಿ ಇದ್ದವು ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ಹಾಂ, ಬಚ್ಚಲಿನಲ್ಲಿ ಮೋರಿ ವಾಸನೆ ಅಂದೆಯಲ್ಲ, ಅದಕ್ಕೆ ಪ್ಲಂಬರ್ ಕರೆಯೋ ಮುಂಚೆ ಒಂದು ಚೊಂಬು ನೀರು ಸುರಿದು ನೋಡು. ಜಾಲರಿ ಕೆಳಗಿನ ಬಾಗಿದ ಪೈಪಿನಲ್ಲಿ ನೀರು ನಿಂತಿದ್ದರೆ ವಾಸನೆ ಮೇಲೆ ಬರಲ್ಲ. ಮನೆ ತಿಂಗಳುಗಟ್ಟಲೆ ಖಾಲಿ ಇದ್ದರೆ ಆ ನೀರು ಆರಿಹೋಗುತ್ತದೆ.

ಶುಭಾಶಯ ಅಂತ ಶುರು ಮಾಡಿ ಮೋರಿಗೆ ಬಂದು ನಿಂತೆ. ಇರಲಿ. ನಿಂಗೆ ನಾನು ಗೊತ್ತಲ್ಲ.

ಇನ್ನು ಸ್ವಲ್ಪ ದಿನ ಆ ಮನೆಯಲ್ಲಿ ಸುಮ್ನೆ ಇರು. ಎಲ್ಲವನ್ನೂ ಒಂದೇ ವಾರದಲ್ಲಿ ಕೊಳ್ಳಬೇಡ. ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡಿ ಆಮೇಲೆ ಮಂಚದ ಜಾಗ ಗೊತ್ತು ಮಾಡು. ಕಿಟಕಿ ಪಕ್ಕ ಬೇಕು ಅನಿಸಿದರೆ ಕಿಟಕಿ ಪಕ್ಕವೇ ಹಾಕಿಸು, ಈಗ ಕೇಳೋರು ಯಾರೂ ಇಲ್ಲ. ಟೀವಿ ಇಷ್ಟ ಬಂದಾಗ ಆರಿಸು. ಜೋರಾಗಿ ಹಾಡು. (ಗೋಡೆ ತೆಳ್ಳಗಿದೆಯಾ ಅಂತ ಮೊದಲು ನೋಡಿಕೋ.) ಅಳು ಬಂದರೆ ಹಾಲಿನ ಮಧ್ಯದಲ್ಲೇ ಕೂತು ಅಳು, ಯಾರೂ ಮೆಟ್ಟಿಲು ಇಳಿದು ಬರಲ್ಲ. ಆದರೆ ಆಮೇಲೆ ನಂಗೆ ಫೋನ್ ಮಾಡು.

ಭಾನುವಾರ ಬರುತ್ತೇನೆ. ಮನೆ ಜೋಡಿಸಿ ಇಡಬೇಡ, ಡಬ್ಬಗಳು ಹರಡಿಕೊಂಡಿರಲಿ, ಅದರ ಮೇಲೆಯೇ ಕೂರೋಣ. ಹಾಸ್ಟೆಲಿನಲ್ಲಿ ಹತ್ತು ಸಾವಿರ ಸಲ ನಿನ್ನ ಕಾಲು ತುಳಿದುಕೊಂಡು ನುಗ್ಗಿದವಳು ನಾನು. ಈ ಸಲ ಬೆಲ್ ಮಾಡಿ, ಹೊರಗೇ ನಿಂತು, "ಒಳಗೆ ಬರಬಹುದಾ?" ಅಂತ ಕೇಳುತ್ತೇನೆ. ಸ್ವಲ್ಪ ಹೊತ್ತು ಕಾಯಿಸು ಪರವಾಗಿಲ್ಲ.

ನಿನ್ನ ಹಳೇ ರೂಮ್‌ಮೇಟ್